ಗುರುಗಳಿಗೊಂದು ವಿಜ್ಞಾಪನೆ

ನಾನು ಹುತ್ರಿದುರ್ಗದ ತಪ್ಪಲಿನವನು, ಅಂತಿಮ ಬಿ.ಎ.ಯಲ್ಲಿ ಚರಿತ್ರೆ ನನ್ನ ವಿಷಯ. ನನ್ನ ಟಿಪ್ಪಣಿಗಳನ್ನು ಕಿರಿಯರು ಕೇಳಿದರು. ಕೊಟ್ಟುಬಿಡಬಹುದಿತ್ತು, ಆದರೆ ಅದರಲ್ಲಿನ ಮಾತು ಬಹುಪಾಲು ಗುರುಗಳದು, ನನ್ನದು ಕತ್ತರಿಯಷ್ಟೆ. ಆದ್ದರಿಂದ ಅವರಿಗೆ ಹೀಗೆ ಬರೆದೆನು:

"ಪೂಜ್ಯ ಗುರುಗಳೇ, ಮೂರನೆಯ ಮೈಸೂರು ಯುದ್ಧದ ಮೇಲೆ ತಾವು ಹೇಳಿದ ಪಾಠಗಳನ್ನು ಹನ್ನೆರಡು ಪುಟಗಳಿಗೆ ಇಳಿಸಿದ್ದೇನೆ. ಅವನ್ನು ಎರಡನೆಯ ವರ್ಷದವರಿಗೆ ಕೊಡಲು ತಮ್ಮ ಅಪ್ಪಣೆ ಬೇಕು.

ಇಳಿಸುವಾಗ ಇಸವಿ ಉಳಿಯುತ್ತದೆ, ಕಾರಣ ಜಾರಿಹೋಗುತ್ತದೆ. '1791ರ ಡಿಸೆಂಬರ್: ಸಾವನದುರ್ಗ, ಹುತ್ರಿದುರ್ಗ ಆಂಗ್ಲರ ವಶ' ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದು. ನಮ್ಮ ಬೆಟ್ಟವನ್ನು ಅವರೇಕೆ ಹತ್ತಿದರೆಂಬುದು ಅದರಲ್ಲಿಲ್ಲ. ಕಾರ್ನ್‌ವಾಲಿಸನು ಆ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋಗಿ, ದವಸವಿಲ್ಲದೆ, ಎತ್ತುಗಳು ಸತ್ತು, ಹಿಂದಿರುಗಿದ್ದನು. ಬೆಂಗಳೂರಿನಿಂದ ಸಾಮಗ್ರಿ ಸಾಗುವ ದಾರಿಗೆ ಈ ದುರ್ಗಗಳು ಅಡ್ಡವಾಗಿದ್ದವು. ಅವನ್ನು ಹಿಡಿಯದೆ ಮತ್ತೆ ಹೊರಡುವಂತಿರಲಿಲ್ಲ. ಆದ್ದರಿಂದ ಈ ಭಾಗವನ್ನು ಮಾತ್ರ ಕಿರಿದು ಮಾಡಿಲ್ಲ. (ಊರಿನ ಅಭಿಮಾನವೂ ಸ್ವಲ್ಪ ಇದೆಯೆಂದು ತಾವು ನಗಬಹುದು.)

ತಮ್ಮ ಮಾತುಗಳ ಪಕ್ಕದಲ್ಲಿ ಗೆರೆ ಎಳೆದಿದ್ದೇನೆ. ಗೆರೆಯಿಲ್ಲದ್ದು ನನ್ನ ಊಹೆ. ತಪ್ಪಿದ್ದೆಡೆ ಕೆಂಪು ಶಾಯಿಯಲ್ಲಿ ತಿದ್ದಿಕೊಡಬೇಕು. ಜೆರಾಕ್ಸ್ ಖರ್ಚಿನ ಹೊರತು ಕಾಸು ಪಡೆಯುವುದಿಲ್ಲ. ಇದು ಪಠ್ಯಪುಸ್ತಕಕ್ಕೆ ಬದಲಲ್ಲವೆಂದು ಮೊದಲ ಪುಟದಲ್ಲೇ ಬರೆದಿರುತ್ತೇನೆ. ತಮ್ಮ ಹೆಸರು ಹಾಕಬಹುದೇ, ಬೇಡವೇ ಎಂಬುದನ್ನೂ ತಾವೇ ಅಪ್ಪಣೆ ಕೊಡಿಸಬೇಕು."

ಕಾಗದ ಕೊಟ್ಟು ನಾಲ್ಕು ದಿನಗಳಾದುವು. ಪುಟಗಳು ಗುರುಗಳ ಮೇಜಿನ ಮೇಲಿವೆ; ಕಿರಿಯರು ದಿನಕ್ಕೆರಡು ಸಲ ನನ್ನನ್ನು ವಿಚಾರಿಸುತ್ತಿದ್ದಾರೆ.