ಒಂದು ಛಾಯಾಚಿತ್ರದ ಊರು

ತಮ್ಮ ಅಜ್ಜನ ಹಳೆಯ ಛಾಯಾಚಿತ್ರವನ್ನು ತಂದ ಕಕ್ಷಿದಾರರೊಬ್ಬರು, ಅದು ಯಾವ ಊರಿನದೆಂದು ಕೇಳಿದರು. ಅದರಲ್ಲಿದ್ದ ತಮಿಳು ಫಲಕ ರಾಜ್ಯವನ್ನಷ್ಟೇ ಸೂಚಿಸುತ್ತಿತ್ತು. ತೆಂಗು, ಗದ್ದೆಗಳೆರಡೂ ನೀರನ್ನೇ ಹೇಳುವುದರಿಂದ ಒಂದೇ ಸಾಕ್ಷಿಯೆಂದು ಎಣಿಸಿದೆ. ಗೋಡೆಯ ಮೇಲಿನ ಕನ್ನಡ ಅಕ್ಷರಗಳಿಗೆ ಹೆಚ್ಚು ತೂಕ ಕೊಟ್ಟೆ. ತಮಿಳುನಾಡಿನಲ್ಲಿ ಅವು ಅಪರೂಪ. ಹೊಸೂರು, ತಾಳವಾಡಿ, ಕೊಳತ್ತೂರು ನೆನಪಾದವು. ಮೊದಲಿನ ಎರಡೂ ಕಡೆ ಚಿತ್ರದಲ್ಲಿರುವಷ್ಟು ಹರವಾದ ನೀರಿಲ್ಲ. ಹರಿಗೋಲು ಹೊಗೇನಕಲ್ಲಿನಲ್ಲೂ ಉಂಟು, ಆದರೆ ಅಲ್ಲಿ ಹೊಳೆ ಬಂಡೆಗಳ ನಡುವೆ ಹರಿಯುತ್ತದೆ. ಬಿಡಿಬಿಡಿಯಾಗಿ ದುರ್ಬಲವಾದ ಈ ಸುಳಿವುಗಳು ಕೂಡಿದಾಗ, 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿನ ಹಿನ್ನೀರು, ಕೊಳತ್ತೂರಿನ ಆಸುಪಾಸೇ ಹೆಚ್ಚು ಸಂಭವನೀಯವೆಂದು ತೋರಿತು. ನ್ಯಾಯಾಲಯಕ್ಕೆ ಇಷ್ಟು ಸಾಲದೆಂದೂ ತಿಳಿಸಿದೆ. ನೀರಿಳಿದು ಪಣ್ಣವಾಡಿಯ ಮುಳುಗಿದ ನಂದಿ ಕಾಣಿಸಿಕೊಂಡಾಗ, ಆ ದಡದಲ್ಲಿ ನಿಂತು ಚಿತ್ರದ ಗುಡ್ಡಸಾಲನ್ನು ಹೋಲಿಸಿ ನೋಡುವಂತೆ ಅವರಿಗೆ ಹೇಳಿದ್ದೇನೆ.