ಮೆಂತ್ಯದ ಸಾಲು

ನ್ಯೂಜೆರ್ಸಿಯ ಆ ಮನೆಯಲ್ಲಿ ಸಾರಿನ ಪುಡಿಯ ಡಬ್ಬಿ ಖಾಲಿಯಾಗಿ ಮೂರು ತಿಂಗಳಾಗಿತ್ತು. ಅಲ್ಲಿಯ ಭಾರತೀಯ ಅಂಗಡಿಗಳಲ್ಲಿ ಪುಡಿ ಸಿಗದೆ ಏನಿಲ್ಲ, ಬಣ್ಣಬಣ್ಣದ ಪೊಟ್ಟಣಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಮೈಸೂರಿನಿಂದ ವರ್ಷಕ್ಕೊಮ್ಮೆ ಬರುತ್ತಿದ್ದ ಅಜ್ಜಿಯ ಪುಡಿ ಈ ಸಲ ಬರಲಿಲ್ಲ. ಅಜ್ಜಿಯ ಅಕ್ಷಿಪಟಲದ ನಡುಭಾಗ ಸವೆದುಹೋಗಿತ್ತು. ಬಾಗಿಲು ಕಾಣುತ್ತದೆ, ಬಂದವರ ಆಕಾರ ಅಂಚಿನಲ್ಲಿ ಕಾಣುತ್ತದೆ. ದಿಟ್ಟಿಸಿ ನೋಡಿದ್ದು ಮಾತ್ರ ಕಾಣುವುದಿಲ್ಲ. ಬಾಣಲೆಯಲ್ಲಿ ಮೆಂತ್ಯ ಕೆಂಪಾಯಿತೋ ಕಪ್ಪಾಯಿತೋ ತಿಳಿಯದಂತಾದ ಮೇಲೆ ಅವರು ಒಲೆಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದರು.

ಮಗನ ಬಳಿ ಒಂದು ಚಿತ್ರವಿತ್ತು. ಹಿಂದೊಮ್ಮೆ ಊರಿಗೆ ಬಂದಾಗ ಫೋನಿನಲ್ಲಿ ತೆಗೆದುಕೊಂಡಿದ್ದು. ಹಳದಿ ಅಂಚೆ ಕಾರ್ಡು, 1979ರದು. ಅಜ್ಜಿ ಮದುವೆಯಾಗಿ ಭದ್ರಾವತಿಯ ಕ್ವಾರ್ಟರ್ಸಿಗೆ ಹೋದ ಹೊಸದರಲ್ಲಿ ಅವರ ತಾಯಿ ಮೈಸೂರಿನಿಂದ ಬರೆದ ಸಾರಿನ ಪುಡಿಯ ವಿಧಾನ. ಮೂಲ ಕಾರ್ಡನ್ನು ಆಮೇಲೆ ಗೆದ್ದಲು ತಿಂದಿತು. ಮಗ ಓದಿದ್ದೆಲ್ಲ ಹೊರರಾಜ್ಯದ ಶಾಲೆಗಳಲ್ಲಿ. ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಕ್ಷರ ಬರುತ್ತಿದ್ದುದು ಹತ್ತು ವರ್ಷದ ಮೊಮ್ಮಗಳಿಗೆ, ಭಾನುವಾರದ ಕನ್ನಡ ತರಗತಿಯ ಪುಣ್ಯದಿಂದ. ಅವಳಿಗೆ ಮಾತು ಅಷ್ಟಕ್ಕಷ್ಟೆ.

ಹೀಗಾಗಿ ಒಂದು ಶನಿವಾರ ಬೆಳಿಗ್ಗೆ, ಮೈಸೂರಿನಲ್ಲಿ ಆಗ ಸಂಜೆ, ಫೋನಿನ ಆ ತುದಿಯಲ್ಲಿ ಅಜ್ಜಿ ಕುಳಿತರು. ಈ ತುದಿಯಲ್ಲಿ ಮೊಮ್ಮಗಳು ಚಿತ್ರವನ್ನು ದೊಡ್ಡದು ಮಾಡಿಕೊಂಡು ಓದತೊಡಗಿದಳು.

"ಇ-ಲ್ಲಿ ಎ-ಲ್ಲ-ರೂ ಕ್ಷೇ-ಮ. ಕೊ-ತ್ತಂ-ಬ-ರಿ ಬೀ-ಜ ಒಂ-ದು ವಾ-ವು."

"ವಾವು ಅಲ್ಲ ಪುಟ್ಟಿ, ಪಾವು. ನಮ್ಮಮ್ಮನ ಪ ಮತ್ತು ವ ಎರಡೂ ಒಂದೇ ಥರ."

ಮಗ ನಡುವೆ ಬಾಯಿ ಹಾಕಿದ. "ಅಮ್ಮಾ, ಪಾವು ಅಂದರೆ ಕಾಲು ಸೇರು ಅಂತ ನೀನೇ ಹೇಳಿದ್ದೆಯಲ್ಲ. ಸೇರು ಅಂದರೆ ಎಂಬತ್ತು ತೊಲ, 933 ಗ್ರಾಮು. ಅದರ ಕಾಲು 233. ಹೋದ ವಾರ ಹಾಗೇ ತೂಗಿ ಒಂದು ಸಲ ಮಾಡಿದೆ. ಸಾರು ಬೆಳ್ಳಗೆ, ಮಂದಕ್ಕೆ, ಬರೀ ಕೊತ್ತಂಬರಿ ವಾಸನೆ."

ಅಜ್ಜಿ ನಕ್ಕರು. "ತೂಕದ ಸೇರು ಬೇರೆ, ಅಳತೆಯ ಸೇರು ಬೇರೆ ಕಣೋ. ಅಡುಗೆಮನೆಯ ಪಾವು ಅಂದರೆ ಅಳೆಯುವ ಪಾತ್ರೆ. ಅದರ ತುಂಬ ಅಕ್ಕಿ ಹಾಕಿದರೆ ಒಂದು ತೂಕ, ಕೊತ್ತಂಬರಿ ಹಾಕಿದರೆ ಇನ್ನೊಂದು. ಕೊತ್ತಂಬರಿ ಒಳಗೆ ಟೊಳ್ಳು."

1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದರೂ ಪಾವು ಚಟಾಕುಗಳು ಅಡುಗೆಮನೆ ಬಿಟ್ಟು ಹೋದವೇನು? ಅಜ್ಜಿಯ ಕಪಾಟಿನಲ್ಲಿ ಆ ಹಿತ್ತಾಳೆಯ ಪಾವು ಇನ್ನೂ ಇತ್ತು. ಮನೆಗೆಲಸಕ್ಕೆ ಬರುವ ಹೆಂಗಸು ಅದರ ತುಂಬ ನೀರು ತುಂಬಿ, ಒಂದು ಲೀಟರಿನ ಖಾಲಿ ಬಾಟಲಿಗೆ ಸುರಿದಳು. ನಾಲ್ಕು ಸಲ ಸುರಿದಾಗ ಬಾಟಲಿ ಹೆಚ್ಚುಕಡಿಮೆ ತುಂಬಿತು. ಅಂದರೆ ಒಂದು ಪಾವು ಸುಮಾರು ಕಾಲು ಲೀಟರು. ಅಮೆರಿಕದ ಅಡುಗೆಮನೆಯ ಅಳತೆಯ ಕಪ್ಪು 240 ಮಿಲಿಲೀಟರು, ಅಲ್ಲಿಗಲ್ಲಿಗೆ ಸರಿಹೋಯಿತು. ಮಗ ಒಂದು ಕಪ್ಪು ಕೊತ್ತಂಬರಿ ಬೀಜ ಅಳೆದು ತಕ್ಕಡಿಯಲ್ಲಿಟ್ಟ. 80 ಗ್ರಾಮು. ಹೋದ ವಾರ ಅವನು ಹಾಕಿದ್ದು ಅದರ ಮೂರು ಪಟ್ಟಿಗೆ ಹತ್ತಿರ! ಮೆಣಸಿನಕಾಯಿಯನ್ನು ಎಣಿಸಿ ಹಾಕಿದ್ದರಿಂದ ಅದು ಹೆಚ್ಚಿರಲಿಲ್ಲ. ಸಾರು ಬೆಳ್ಳಗಾದದ್ದರಲ್ಲಿ ಆಶ್ಚರ್ಯವೇನಿದೆ.

"ಮುಂದೆ ಓದಮ್ಮ."

"ಬ್ಯಾ-ಡ-ಗಿ ಮೆ-ಣ-ಸಿ-ನ-ಕಾ-ಯಿ, ಎಂಬತ್ತು."

ಆ ತುದಿಯಲ್ಲಿ ಮಾತು ನಿಂತಿತು. "ಎಂಬತ್ತೇ? ಒಂದು ಪಾವಿಗೆ? ನಮ್ಮಮ್ಮ ಹಾಗೆ ಬರೆಯುವವಳಲ್ಲ. ಆ ಅಂಕಿ ಹೇಗಿದೆ ಹೇಳು."

"ಎರಡು ಅಂಕಿ ಇದೆ. ಎಂಟು, ಸೊನ್ನೆ."

"ಎಂಟಕ್ಕೆ ಮೇಲೆ ಮುಚ್ಚಿದೆಯಾ, ತೆರೆದಿದೆಯಾ?"

ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು. "ಕೆಳಗೆ ರೌಂಡು ಇದೆ. ಮೇಲೆ ಎರಡು ಕೈ ಎತ್ತಿದ ಹಾಗಿದೆ."

"ಅದು ಕನ್ನಡದ ನಾಲ್ಕು. ಮೇಲೆ ಬಾಯಿ ತೆರೆದಿದ್ದರೆ ನಾಲ್ಕು. ನಲವತ್ತು ಹಾಕಿ."

ತರಗತಿಯಲ್ಲಿ ಅಕ್ಷರ ಕಲಿಸಿದ್ದರು, ಕನ್ನಡದ ಅಂಕಿ ಕಲಿಸಿರಲಿಲ್ಲ. ನಮ್ಮ ಊರಿನ ಮಕ್ಕಳಲ್ಲಾದರೂ ಎಷ್ಟು ಜನಕ್ಕೆ ಬರುತ್ತದೆ, ಆ ಮಾತು ಬೇಡ.

ಕಾರ್ಡಿನಲ್ಲಿ ಜಾಗ ಕಡಿಮೆ. ಕಾರ್ಡು ಬರೆಯುವವರ ಅಭ್ಯಾಸದಂತೆ ಪದಗಳು ಒಂದಕ್ಕೊಂದು ಅಂಟಿಕೊಂಡಿದ್ದವು. "ಒಂದೊಂದಾಗಿಹುರಿದುಆರಲುಬಿಡು" ಎಂಬುದನ್ನು ಹುಡುಗಿ ಬಿಡಿಸಿ ಬಿಡಿಸಿ ಓದಿ, "ಆರು ಏನು ಬಿಡಬೇಕು?" ಎಂದು ಕೇಳಿದಳು. ಆರು ಅಲ್ಲ, ತಣ್ಣಗಾಗಲು ಬಿಡಬೇಕು ಎಂದರು ಅಜ್ಜಿ. ಬಿಸಿಯಲ್ಲೇ ಪುಡಿ ಮಾಡಿದರೆ ಒಳಗೆ ಹಬೆ ಸೇರಿ ಪುಡಿ ಗಂಟು ಕಟ್ಟುತ್ತದೆ. ಒಂದೊಂದಾಗಿ ಹುರಿಯುವುದು ಏಕೆಂದರೆ ಒಂದೊಂದರ ಹದ ಒಂದೊಂದು. ಮೆಣಸಿನಕಾಯಿಗೆ ಒಂದು ತೊಟ್ಟು ಎಣ್ಣೆ ಬೇಕು, ಗರಿಗರಿಯಾಗುವವರೆಗೆ ಹುರಿಯಬೇಕು. ಕೊತ್ತಂಬರಿಗೆ ಸಣ್ಣ ಉರಿ, ಘಮ ಬರುವ ತನಕ. ಜೀರಿಗೆಗೆ ಕಾದ ಬಾಣಲೆಯ ಬಿಸಿಯೇ ಸಾಕು.

"ಮೆಂ-ತ್ಯ ಒಂ-ದು ಚ-ಮ-ಚ. ಕೆಂ-ಪಾ-ದ ಕೂ-ಡ-ಲೇ ಸ್ಟೌ ಆ-ರಿ-ಸು. ಅಷ್ಟೇ ಅಜ್ಜಿ. ಮುಗೀತು."

"ಮುಗೀತಾ?" ಅಜ್ಜಿಯ ದನಿಯಲ್ಲಿ ಏನೋ ಕಾದು ಕುಳಿತಿದ್ದ ಹಾಗಿತ್ತು. "ಅಂಚಿನಲ್ಲಿ ನೋಡು ಪುಟ್ಟಿ. ಅಡ್ಡಡ್ಡಲಾಗಿ ಏನಾದರೂ ಬರೆದಿದೆಯಾ? ಅಮ್ಮ ಕಾರ್ಡಿನ ಅಂಚನ್ನೂ ಬಿಡುತ್ತಿರಲಿಲ್ಲ. ಏನು ಬರೆದಿದ್ದಳು ಅನ್ನುವುದು ನನಗೆ ಮರೆತೇ ಹೋಗಿದೆ."

ಇತ್ತು. ಹುಡುಗಿ ಚಿತ್ರವನ್ನು ತಿರುಗಿಸಿಕೊಂಡಳು. ಶಾಯಿ ಮಾಸಿತ್ತು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು.

"ಮೆಂ-ತ್ಯ ನೀ-ನು ಯಾ-ವಾ-ಗ-ಲೂ ಸೀ-ಯಿ-ಸು-ತ್ತೀ. ಅ-ಳ-ಬೇ-ಡ. ಬಿ-ಸಾ-ಕಿ ಮ-ತ್ತೆ ಹು-ರಿ."

ಓದಿದವಳಿಗೆ ಅರ್ಥವಾಗಲಿಲ್ಲ. "ಸೀ ಅಂದರೆ ಸ್ವೀಟು ಅಲ್ಲವಾ ಅಜ್ಜಿ? ಮೆಂತ್ಯ ಸ್ವೀಟ್ ಆಗುತ್ತಾ?"

ಉತ್ತರ ತಡವಾಗಿ ಬಂತು. "ಅಲ್ಲ ಮಗು. ಸೀಯಿಸೋದು ಅಂದರೆ ಹೊತ್ತಿಸಿಬಿಡೋದು. ಕಪ್ಪಾಗಿಬಿಡುತ್ತದಲ್ಲ, ಅದು." ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದು ಸಲ ಓದು," ಎಂದರು. ಓದಿದಳು. ಮತ್ತೂ ಒಂದು ಸಲ ಎಂದರು. ಮೂರನೆಯ ಸಲ ಹುಡುಗಿ ಎಲ್ಲೂ ತಡವರಿಸದೆ, ಯಾರೋ ಗದರುವ ಹಾಗೆ ಓದಿದಳು.

ಆಮೇಲೆ ಒಲೆ ಹತ್ತಿಸಿದರು. ಬಾಣಲೆ ಹಿಡಿದವನು ಅಪ್ಪ, ಚಮಚ ಹಿಡಿದವಳು ಮಗಳು, ಅಜ್ಜಿ ಫೋನಿನಲ್ಲಿ. ಕೊತ್ತಂಬರಿ, ಮೆಣಸಿನಕಾಯಿ ಸರಿಯಾಗಿ ಬಂದವು. ಮೆಂತ್ಯ ಹೊಂಬಣ್ಣ ದಾಟಿ ಕೆಂಪಾಗುತ್ತಿದ್ದ ಹಾಗೆ ಕಾರ್ಡಿನಲ್ಲಿದ್ದಂತೆ ಒಲೆ ಆರಿಸಿದರು. ಆದರೂ ಎರಡು ನಿಮಿಷದಲ್ಲಿ ಹೊಗೆಯಾಡಿತು. ಭದ್ರಾವತಿಯ ಸೀಮೆಎಣ್ಣೆ ಸ್ಟೌವಿನಲ್ಲಿ ಆರಿಸಿದರೆ ಉರಿ ಆರಿಹೋಗುತ್ತಿತ್ತು. ಇದು ವಿದ್ಯುತ್ ಒಲೆ. ಗುಂಡಿ ತಿರುಗಿಸಿದ ಮೇಲೂ ಸುರುಳಿ ಕೆಂಡದಂತೆ ಕಾದೇ ಇರುತ್ತದೆ, ಬಾಣಲೆಯನ್ನೇ ಎತ್ತಿ ಕಾಳನ್ನು ತಟ್ಟೆಗೆ ಸುರಿಯಬೇಕು. ಕಾರ್ಡು ಬರೆದಾಕೆಗೆ ಅದು ಹೇಗೆ ತಿಳಿಯಬೇಕು?

ಕಪ್ಪಗಾದ ಕಾಳುಗಳನ್ನು ನೋಡಿ ಹುಡುಗಿಗೆ ಅಳುವೇ ಬಂತು.

"ಅಜ್ಜೀ, ಸೀದುಹೋಯ್ತು."

"ಅಳಬೇಡ," ಎಂದಿತು ಮೈಸೂರಿನ ದನಿ. "ಬಿಸಾಕಿ ಮತ್ತೆ ಹುರಿ."