ಡಯಲ್ ಬೀಗ, ಡೇಟಾ ಬೀಗ

ಮಾಗಡಿಯಲ್ಲಿ ಸೋದರಮಾವನ ದಿನಸಿ ಅಂಗಡಿಯ ಕಪ್ಪು ಫೋನಿಗೊಂದು ಪುಟ್ಟ ಬೀಗವಿತ್ತು. ಡಯಲಿನ ತೂತಿಗೆ ಅದನ್ನು ಹಾಕಿದರೆ ಚಕ್ರ ತಿರುಗದು, ಎಸ್‌ಟಿಡಿ ಹೋಗದು, ಬಿಲ್ ಏರದು. ರಿಸೀವರ್ ಇಡುವ ಗುಂಡಿಯನ್ನು ಲಯವಾಗಿ ಕುಟ್ಟಿದರೂ ನಂಬರು ಹೋಗುತ್ತದೆಂದು ಅಂಗಡಿ ಹುಡುಗರಿಗೆ ಗೊತ್ತಿತ್ತು, ಮಾವನಿಗೆ ಗೊತ್ತಿರಲಿಲ್ಲ. ಬೀಗ ಅಂಗಡಿಯಲ್ಲಿ, ಮೀಟರು ಎಕ್ಸ್‌ಚೇಂಜಿನಲ್ಲಿ.

ಈಗಿನ ಪೋಸ್ಟ್‌ಪೇಯ್ಡ್ ಫೋನಿನ ಕಥೆಯೂ ಅದೇ. ಆಂಡ್ರಾಯ್ಡ್ ಸೆಟ್ಟಿಂಗ್ಸಿನಲ್ಲಿ ಸಿಮ್ ವಿಭಾಗದೊಳಗೆ `Data warning & limit` ಎಂಬುದಿದೆ. ವಾರ್ನಿಂಗ್ ಬರೀ ಎಚ್ಚರಿಸುತ್ತದೆ, ಲಿಮಿಟ್ ಮುಟ್ಟಿದರೆ ಮೊಬೈಲ್ ಡೇಟಾವೇ ಬಂದ್. ಎರಡೂ ಫೋನು ತಾನೇ ಎಣಿಸಿದ ಲೆಕ್ಕದ ಮೇಲೆ ನಡೆಯುತ್ತವೆ, ಬಿಲ್ ಮಾತ್ರ ಕಂಪನಿ ಎಣಿಸಿದ್ದರ ಮೇಲೆ.

ಕನಕಪುರದ ನಮ್ಮ ಭಾವನದು ತಿಂಗಳಿಗೆ 40 ಜಿಬಿ ಪ್ಲಾನು, ಮೀರಿದರೆ ಜಿಬಿಗೆ 20 ರೂಪಾಯಿ. 30ಕ್ಕೆ ವಾರ್ನಿಂಗ್, 40ಕ್ಕೆ ಲಿಮಿಟ್ ಇಟ್ಟು ನಿಶ್ಚಿಂತರಾಗಿದ್ದರು. ಐಪಿಎಲ್ ಬಂತು. ಮಾರ್ಚ್ 12ರಿಂದ ತಿಂಗಳ ಕೊನೆಯವರೆಗೆ 24 ಜಿಬಿ, ಏಪ್ರಿಲ್ 11ರವರೆಗೆ ಇನ್ನೊಂದು 24. ಫೋನು ತುಟಿಪಿಟಿಕ್ಕೆನ್ನಲಿಲ್ಲ. ಬಿಲ್ಲಿನಲ್ಲಿ 8 ಜಿಬಿಗೆ 160 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 188 ರೂಪಾಯಿ 80 ಪೈಸೆ.

“ಬೀಗ ಹಾಕಿದ್ದೆನಲ್ಲಯ್ಯ!” ಎಂದರು. ನಿಜ, ಹಾಕಿದ್ದರು. ಆದರೆ ಫೋನಿನ ತಿಂಗಳು 1ನೇ ತಾರೀಕಿಗೆ ಶುರು, ಬಿಲ್ಲಿನದು 12ಕ್ಕೆ. ಏಪ್ರಿಲ್ 1ರಂದು ಫೋನು ಸೊನ್ನೆಯಿಂದ ಎಣಿಸತೊಡಗಿತು, ಕಂಪನಿ ಹಳೇ ಲೆಕ್ಕವನ್ನೇ ಮುಂದುವರಿಸಿತು. ಅದೇ ಪುಟದಲ್ಲಿ ಡೇಟಾ ಸೈಕಲ್ಲನ್ನು 12ಕ್ಕೆ ತಿದ್ದಿ, ಲಿಮಿಟ್ಟನ್ನು 38ಕ್ಕೆ ಇಳಿಸಿಕೊಟ್ಟೆ. ಎರಡು ಜಿಬಿ ಬಿಟ್ಟದ್ದು ಫೋನಿನ ಎಣಿಕೆಗೂ ಕಂಪನಿಯ ಎಣಿಕೆಗೂ ಬರುವ ವ್ಯತ್ಯಾಸಕ್ಕಾಗಿ.

ಒಂದೇ ಪ್ಲಾನಿನಲ್ಲಿ ಮನೆಯವರ ಸಿಮ್ಮುಗಳೂ ಪಾಲುಗೊಂಡಿದ್ದರೆ ಕಥೆ ಇನ್ನೂ ಸೊಗಸು. ಪ್ರತಿ ಫೋನಿಗೂ ತನ್ನ ಖರ್ಚು ಮಾತ್ರ ಗೊತ್ತು, ಪಕ್ಕದ ಕೋಣೆಯ ಮಗಳ ರೀಲ್ಸ್ ಗೊತ್ತಿಲ್ಲ. ಇಬ್ಬರಿಗೂ 38 ಇಟ್ಟರೆ 76 ಆಗುತ್ತದೆ. ಭಾವನಿಗೆ 23, ಮಗಳಿಗೆ 15 ಎಂದು ಹಂಚಿದರೆ ಮಾತ್ರ ಬೀಗಕ್ಕೆ ಅರ್ಥ. ಅವಳು 20 ಕೇಳಿದಳು. ಆ ಪಂಚಾಯ್ತಿಗೆ ನಾನು ಇಳಿಯಲಿಲ್ಲ.

ಹೊಸ ಫೋನು ಕೊಂಡ ತಿಂಗಳಲ್ಲೂ ಹುಷಾರಾಗಿರಬೇಕು. ಹಳೆಯದರಲ್ಲಿ ಖರ್ಚಾದದ್ದು ಹೊಸದಕ್ಕೆ ತಿಳಿಯದು. ಐಫೋನಿನಲ್ಲಂತೂ ಇಂಥ ಲಿಮಿಟ್ಟೇ ಇಲ್ಲ, ಬಳಕೆಯ ಅಂಕಿಯನ್ನೂ ಕೈಯಾರೆ ಸೊನ್ನೆ ಮಾಡಬೇಕು.

ಲಿಮಿಟ್ ಬಿದ್ದ ದಿನ ನೀವು ಚನ್ನಪಟ್ಟಣದ ಬೊಂಬೆ ಅಂಗಡಿಯಲ್ಲಿ ಕ್ಯೂಆರ್ ಮುಂದೆ ನಿಂತಿರಬಹುದು. ಪರದೆಯ ಸೂಚನೆ ಒತ್ತಿ ಡೇಟಾ ಮತ್ತೆ ಶುರುಮಾಡಬಹುದು, ಹುಡುಗರು ಗುಂಡಿ ಕುಟ್ಟಿದಷ್ಟೇ ಸಲೀಸು. ಹಾಗೆ ತೆರೆದದ್ದನ್ನು ಮರೆತರೆ ಮೀಟರು ಓಡುತ್ತಲೇ ಇರುತ್ತದೆ. ಅದಕ್ಕಿಂತ ಜೇಬಿನಲ್ಲಿ ನೂರರ ಎರಡು ನೋಟು ಇಟ್ಟುಕೊಳ್ಳುವುದು ವಾಸಿ.

ಇವತ್ತು ಬಿಲ್ ಕೈಗೆ ಸಿಕ್ಕರೆ ಮೊತ್ತಕ್ಕಿಂತ ಮೊದಲು ಬಿಲ್ಲಿನ ಅವಧಿ ಯಾವ ತಾರೀಕಿನಿಂದ ಶುರು ಎಂಬುದನ್ನು ನೋಡಿ, ಅದನ್ನೇ ಫೋನಿಗೂ ತುಂಬಿ.